15 ಮತ್ತು 36, ಎರಡರಲ್ಲಿ ಯಾವುದು ಸರಿ? ಸಮಾಂತರ ಶ್ರೇಢಿಯ n ಬಗ್ಗೆ ಒಂದು ಉತ್ತರ

ಪ್ರಶ್ನೆ: ಮಾಸ್ತರರೇ, ನಮಸ್ಕಾರ. ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗಳು ಹತ್ತನೇ ತರಗತಿ. ಸಮಾಂತರ ಶ್ರೇಢಿಯ ಸೂತ್ರ ಎಲ್ಲಾ ಅವಳಿಗೆ ಬಾಯಿಪಾಠ. ಆದರೆ ವಾಕ್ಯದಲ್ಲಿ ಲೆಕ್ಕ ಕೊಟ್ಟರೆ n ನೇ ಪದ ಕೇಳಿದ್ದಾರೋ ಮೊತ್ತ ಕೇಳಿದ್ದಾರೋ ಗೊತ್ತಾಗುವುದಿಲ್ಲ. ಉತ್ತರ ಬಂದರೂ ಒಂದು ಹೆಚ್ಚೋ ಒಂದು ಕಡಿಮೆಯೋ ಆಗಿರುತ್ತದೆ. ಮೊನ್ನೆ ಇನ್ನೊಂದು ತಾಪತ್ರಯ. 54,000 ರೂಪಾಯಿ ತೀರಿಸಬೇಕು, ಮೊದಲ ತಿಂಗಳ ಕಂತು 5,000, ಆಮೇಲೆ ಪ್ರತಿ ತಿಂಗಳು 200 ಕಡಿಮೆ, ಎಷ್ಟು ತಿಂಗಳು ಬೇಕು ಅಂತ ಲೆಕ್ಕ. ಅವಳಿಗೆ 15 ಮತ್ತು 36 ಎರಡೂ ಬಂತು. ಟ್ಯೂಷನ್ನಿನಲ್ಲಿ "ಚಿಕ್ಕದನ್ನು ಇಟ್ಟುಕೋ, ದೊಡ್ಡದನ್ನು ಬಿಡು" ಅಂದರಂತೆ, ಯಾಕೆ ಅಂತ ಹೇಳಲಿಲ್ಲ. ಅವಳ ಅಪ್ಪ "ಸೂತ್ರ ಯಾಕೆ, ಒಂದೊಂದಾಗಿ ಬರೆದು ಕೂಡಿಸು" ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಈ ಲೆಕ್ಕಕ್ಕೆ 15 ಸರಿ. ಆದರೆ ಅದು ಚಿಕ್ಕದು ಅನ್ನುವ ಕಾರಣಕ್ಕೆ ಸರಿ ಅಲ್ಲ. ಚಿಕ್ಕದನ್ನು ಇಟ್ಟುಕೊಂಡರೆ ತಪ್ಪಾಗುವ ಲೆಕ್ಕವನ್ನೂ ಮುಂದೆ ತೋರಿಸುತ್ತೇನೆ. ಅಪ್ಪನ ಮಾತಿನಲ್ಲಿ ಅರ್ಧ ಹುರುಳಿದೆ, ಅದಕ್ಕೂ ಬರುತ್ತೇನೆ. ನೀವು ಬರೆದ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ. ಮಗಳಿಗೆ ಸೂತ್ರ ಗೊತ್ತು, ಆದರೆ ಆ ಲೆಕ್ಕದಲ್ಲಿ n ಅನ್ನುವುದು ಏನನ್ನು ಎಣಿಸುತ್ತಿದೆ ಅನ್ನುವುದು ಗೊತ್ತಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಈ ಪಾಠದಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಸೂತ್ರ ಮರೆತು ತಪ್ಪು ಮಾಡುವವರು ಕಡಿಮೆ.

ಮೊದಲು "ಒಂದು ಹೆಚ್ಚು ಕಡಿಮೆ"ಯ ವಿಷಯ ತೆಗೆದುಕೊಳ್ಳೋಣ. ನಿಮ್ಮ ಕಡೆ ಅಡಿಕೆ ತೋಟ ಇರುತ್ತದಲ್ಲ, ಅಲ್ಲಿಂದಲೇ ಶುರು ಮಾಡಿ. ಹೊಸ ತೋಟದಲ್ಲಿ ಗಿಡದಿಂದ ಗಿಡಕ್ಕೆ ಸುಮಾರು 9 ಅಡಿ ಬಿಡುತ್ತಾರೆ. ಒಂದು ಸಾಲಿನಲ್ಲಿ 20 ಗಿಡ ಇವೆ. ಮೊದಲ ಗಿಡದಿಂದ ಕೊನೆಯ ಗಿಡಕ್ಕೆ ಎಷ್ಟು ದೂರ? ಹತ್ತು ಮಕ್ಕಳನ್ನು ಕೇಳಿದರೆ ಆರೇಳು ಜನ ಥಟ್ಟನೆ 180 ಅಡಿ ಅನ್ನುತ್ತಾರೆ. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋದರೆ 171 ಅಡಿ ಮಾತ್ರ. ಗಿಡ 20, ಆದರೆ ಗಿಡಗಳ ನಡುವಿನ ಅಂತರ 19. ಮೊದಲ ಗಿಡಕ್ಕೆ ತಲುಪಲು ಯಾವ ಅಂತರವನ್ನೂ ದಾಟಬೇಕಿಲ್ಲ, ಅದು ಇದ್ದಲ್ಲೇ ಇದೆ.

aₙ = a + (n – 1)d ಅನ್ನುವುದರಲ್ಲಿ ಇರುವುದು ಇಷ್ಟೇ. a ಅಂದರೆ ನೀವು ನಿಂತ ಜಾಗ. d ಅಂದರೆ ಒಂದು ಹೆಜ್ಜೆ. n ನೇ ಪದಕ್ಕೆ ಹೋಗಲು ಇಡಬೇಕಾದ ಹೆಜ್ಜೆ n – 1. ಮಗಳು n ಬರೆಯಬೇಕಾದಲ್ಲಿ n – 1 ಬರೆದಳೋ, n – 1 ಇರಬೇಕಾದಲ್ಲಿ n ಬರೆದಳೋ ಅನ್ನುವುದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ಸೂತ್ರ ಬರೆದ ಮೇಲೆ n = 1 ಹಾಕಿ ನೋಡಲಿ. ಮೊದಲ ಪದವೇ ಬರಬೇಕು. ಬರಲಿಲ್ಲ ಅಂದರೆ ಹೆಜ್ಜೆ ತಪ್ಪಿದೆ.

ಇದೇ ತಪ್ಪು ತಿರುಗಾಮುರುಗಾ ಆಗಿಯೂ ಬರುತ್ತದೆ. "100 ಮತ್ತು 300ರ ನಡುವೆ 7ರಿಂದ ಭಾಗವಾಗುವ ಸಂಖ್ಯೆಗಳು ಎಷ್ಟು?" ಮೊದಲನೆಯದು 105, ಕೊನೆಯದು 294. ಅಂತರ 189. ಅದನ್ನು 7ರಿಂದ ಭಾಗಿಸಿದರೆ 27. ಅಲ್ಲಿಗೇ ನಿಲ್ಲಿಸಿ 27 ಅಂತ ಬರೆದು ಬರುತ್ತಾರೆ. 27 ಅನ್ನುವುದು ಹೆಜ್ಜೆಗಳ ಲೆಕ್ಕ, ಸಂಖ್ಯೆಗಳು 28. ಭಾಗಿಸಿದಾಗ ಬರುವುದು ಯಾವಾಗಲೂ ಹೆಜ್ಜೆ, ಅದಕ್ಕೆ ಒಂದು ಸೇರಿಸಿದರೆ ಪದ. ಇಲ್ಲಿ ಇನ್ನೊಂದು ಜಾಗದಲ್ಲೂ ಕಾಲು ಜಾರುತ್ತದೆ. a ಗೆ 100, ಕೊನೆಯ ಪದಕ್ಕೆ 300 ಅಂತ ಹಾಕಿಬಿಡುತ್ತಾರೆ. ಇವೆರಡೂ 7ರಿಂದ ಭಾಗವಾಗುವುದಿಲ್ಲ, ಹಾಗಾಗಿ ಈ ಶ್ರೇಢಿಯೊಳಗೇ ಇಲ್ಲ. ಹಾಗೆ ಮಾಡಿದರೆ n ಭಿನ್ನರಾಶಿಯಲ್ಲಿ ಬರುತ್ತದೆ. ಪದಗಳ ಸಂಖ್ಯೆ ಭಿನ್ನರಾಶಿಯಲ್ಲಿ ಬಂತು ಅಂದರೆ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಪ್ರಶ್ನೆ ಓದುವುದು ಒಳ್ಳೆಯದು.

ಈಗ n ನೇ ಪದವೋ ಮೊತ್ತವೋ ಅನ್ನುವ ಗೊಂದಲ. ಅದೇ ತೋಟಕ್ಕೆ ಗೊಬ್ಬರ ಹಾಕೋಣ. ಸಾಲಿನ ತಲೆಯಲ್ಲಿ ಗೊಬ್ಬರದ ರಾಶಿ ಇದೆ. ಮೊದಲ ಗಿಡ ರಾಶಿಯಿಂದ 15 ಅಡಿ ದೂರ, ಆಮೇಲೆ ಗಿಡದಿಂದ ಗಿಡಕ್ಕೆ 9 ಅಡಿ. ಒಂದು ಗಿಡಕ್ಕೆ ಒಂದು ಹೆಡಿಗೆ ಗೊಬ್ಬರ. ಹೊತ್ತುಕೊಂಡು ಹೋಗಬೇಕು, ಸುರಿಯಬೇಕು, ಖಾಲಿ ಹೆಡಿಗೆ ಹಿಡಿದು ವಾಪಸ್ ರಾಶಿಗೆ ಬರಬೇಕು. ಮೊದಲ ಗಿಡಕ್ಕೆ ಹೋಗಿ ಬಂದರೆ 30 ಅಡಿ. ಎರಡನೆಯದಕ್ಕೆ 48. ಮೂರನೆಯದಕ್ಕೆ 66. ಗಿಡ 9 ಅಡಿ ದೂರ ಸರಿದರೆ ಓಡಾಟ 18 ಅಡಿ ಹೆಚ್ಚುತ್ತದೆ, ಯಾಕೆಂದರೆ ಹೋಗುವುದೂ ಇದೆ, ಬರುವುದೂ ಇದೆ. d ಗೆ 9 ಹಾಕಿದವರು ಇಲ್ಲೇ ಸೋತರು.

ಮಗಳಿಗೆ ಹೇಳಿ, ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಲಿ. ಮೊದಲ ಕಾಲಮ್ಮಿನಲ್ಲಿ ಎಷ್ಟನೇ ಗಿಡ. ಎರಡನೆಯದರಲ್ಲಿ ಆ ಗಿಡಕ್ಕೆ ಮಾತ್ರ ನಡೆದ ದೂರ. ಮೂರನೆಯದರಲ್ಲಿ ಅಲ್ಲಿಯವರೆಗೆ ನಡೆದ ಒಟ್ಟು ದೂರ. ಮೂರು ಸಾಲು ಬರೆದರೆ ಸಾಕು:

1 – 30 – 30
2 – 48 – 78
3 – 66 – 144

ಎರಡನೇ ಕಾಲಂ aₙ, ಮೂರನೇ ಕಾಲಂ Sₙ. "20ನೇ ಗಿಡಕ್ಕೆ ಗೊಬ್ಬರ ಹಾಕಿ ಬರಲು ಎಷ್ಟು ನಡೆಯಬೇಕು" ಅಂದರೆ ಎರಡನೇ ಕಾಲಮ್ಮಿನ ಉತ್ತರ ಬೇಕು: 30 + 19 × 18 = 372 ಅಡಿ. "20 ಗಿಡ ಮುಗಿಸಲು ಎಷ್ಟು ನಡೆಯಬೇಕು" ಅಂದರೆ ಮೂರನೇ ಕಾಲಮ್ಮಿನದು.

ಈ ಮೂರನೇ ಕಾಲಮ್ಮಿನ 20ನೇ ಸಾಲನ್ನು ಸೂತ್ರ ಇಲ್ಲದೆಯೂ ಕಾಣಬಹುದು. ಮೊದಲ ಓಡಾಟ 30, ಕೊನೆಯದು 372, ಸೇರಿಸಿದರೆ 402. ಎರಡನೆಯದು 48, ಕೊನೆಯಿಂದ ಎರಡನೆಯದು 354, ಸೇರಿಸಿದರೆ ಮತ್ತೆ 402. ಈ ಕಡೆ 18 ಹೆಚ್ಚಾದರೆ ಆ ಕಡೆ 18 ಕಡಿಮೆ ಆಗುತ್ತದೆ, ಹಾಗಾಗಿ ಜೋಡಿ ಬದಲಾಗುವುದೇ ಇಲ್ಲ. 20 ಓಡಾಟ ಅಂದರೆ 10 ಜೋಡಿ, ಒಟ್ಟು 4,020 ಅಡಿ. Sₙ = n/2 (a + aₙ) ಅನ್ನುವುದು ಈ ಜೋಡಿ ಲೆಕ್ಕವೇ. ಪದಗಳ ಸಂಖ್ಯೆ ಬೆಸ ಆದರೆ ನಡುವೆ ಒಂದು ಒಂಟಿಯಾಗಿ ಉಳಿಯುತ್ತದಲ್ಲ ಅಂತ ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಆ ಒಂಟಿ ಪದ ಜೋಡಿಯ ಸರಿಯಾಗಿ ಅರ್ಧ ಇರುತ್ತದೆ, ಅದಕ್ಕೇ ಸೂತ್ರ ಎರಡಕ್ಕೂ ಒಂದೇ.

ಪ್ರಶ್ನೆ ಕೊಡುವವರು ಇಲ್ಲಿ ಒಂದು ಕೊಕ್ಕೆ ಇಡುತ್ತಾರೆ: "ಕೊನೆಯ ಗಿಡಕ್ಕೆ ಹಾಕಿದ ಮೇಲೆ ಅವನು ರಾಶಿಗೆ ವಾಪಸ್ ಬರುವುದಿಲ್ಲ." ಆಗ 4,020ರಲ್ಲಿ ಕೊನೆಯ ವಾಪಸಾತಿ 186 ಅಡಿ ಕಳೆಯಬೇಕು. ಉತ್ತರ 3,834. ಇದನ್ನು ಸೂತ್ರದೊಳಗೆ ತುರುಕಲು ಹೋಗಬಾರದು. ಪೂರ್ತಿ ಲೆಕ್ಕ ಮಾಡಿ, ಕೊನೆಗೆ ಕಳೆಯುವುದೇ ಸರಳ.

"ಒಟ್ಟು ಅಂತ ಇದ್ದರೆ Sₙ, ಇಲ್ಲದಿದ್ದರೆ aₙ" ಅನ್ನುವ ನಂಬಿಕೆ ಮಕ್ಕಳಲ್ಲಿ ಜೋರಾಗಿದೆ. ಯಾರು ಕಲಿಸುತ್ತಾರೋ ಗೊತ್ತಿಲ್ಲ, ಎಲ್ಲಾ ಶಾಲೆಯಲ್ಲೂ ಇದೆ. ಇದನ್ನು ನಂಬಿ ಕೆಡುವ ಲೆಕ್ಕ ನೋಡಿ. 10,000 ರೂಪಾಯಿಯನ್ನು ವರ್ಷಕ್ಕೆ ಶೇ. 8ರ ಸರಳ ಬಡ್ಡಿಗೆ ಇಟ್ಟಿದ್ದಾರೆ. 10ನೇ ವರ್ಷದ ಕೊನೆಗೆ ಬಡ್ಡಿ ಸೇರಿ ಒಟ್ಟು ಎಷ್ಟು? ಮೊದಲ ವರ್ಷದ ಕೊನೆಗೆ 10,800, ಎರಡನೆಯದಕ್ಕೆ 11,600, ಆಮೇಲೆ 12,400. ಇಲ್ಲಿ "ಒಟ್ಟು" ಅನ್ನುವುದೇ ಶ್ರೇಢಿಯ ಪದ. ಬೇಕಾದ್ದು 10ನೇ ಪದ: 10,800 + 9 × 800 = 18,000. "ಒಟ್ಟು" ಅನ್ನುವ ಶಬ್ದ ನೋಡಿ Sₙ ಹಾಕಿದವರಿಗೆ 1,44,000 ಬರುತ್ತದೆ. ಹತ್ತು ಸಾವಿರ ಹತ್ತು ವರ್ಷದಲ್ಲಿ ಒಂದೂವರೆ ಲಕ್ಷದ ಹತ್ತಿರ ಆಗುವ ಹಾಗಿದ್ದರೆ ನಾವೆಲ್ಲಾ ತೋಟ ಮಾರಿ ಬ್ಯಾಂಕಿನ ಮುಂದೆ ನಿಲ್ಲುತ್ತಿದ್ದೆವು. ಚಕ್ರಬಡ್ಡಿ ಆದರೆ ಅದು ಸಮಾಂತರ ಶ್ರೇಢಿಯೇ ಅಲ್ಲ, ಅಲ್ಲಿ ಹೆಜ್ಜೆ ಪ್ರತಿ ವರ್ಷ ದೊಡ್ಡದಾಗುತ್ತದೆ. ಹಾಗಾಗಿ ಶಬ್ದ ಹುಡುಕುವುದಕ್ಕಿಂತ ಮೂರು ಕಾಲಂ ಬರೆಯುವುದು ಗಟ್ಟಿ ದಾರಿ. ಎರಡನೇ ಕಾಲಮ್ಮಿನ ಸಂಖ್ಯೆಗಳನ್ನು ಕೂಡಿಸಿದರೆ ಏನಾದರೂ ಅರ್ಥ ಇದೆಯಾ ಅಂತ ಕೇಳಿಕೊಳ್ಳಬೇಕು. ಒಂದೊಂದು ಗಿಡಕ್ಕೆ ನಡೆದದ್ದನ್ನು ಕೂಡಿಸಿದರೆ ಅರ್ಥ ಇದೆ. ಈ ವರ್ಷದ ಖಾತೆಯ ಮೊತ್ತಕ್ಕೆ ಮುಂದಿನ ವರ್ಷದ ಖಾತೆಯ ಮೊತ್ತ ಕೂಡಿಸಿದರೆ ಯಾವ ಅರ್ಥವೂ ಇಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, 15 ಮತ್ತು 36.

ಕಂತು ಹೀಗೆ ಇಳಿಯುವುದು ಬರೀ ಪುಸ್ತಕದ ಕಲ್ಪನೆ ಅಲ್ಲ. ಅಸಲನ್ನು ಸಮ ಭಾಗ ಮಾಡಿ, ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಸಾಲದಲ್ಲಿ ಕಂತು ಪ್ರತಿ ತಿಂಗಳು ಒಂದೇ ಅಳತೆಯಲ್ಲಿ ಇಳಿಯುತ್ತದೆ. 60,000 ಸಾಲ, 12 ತಿಂಗಳು, ತಿಂಗಳಿಗೆ ಶೇ. 1 ಬಡ್ಡಿ ಅಂದುಕೊಳ್ಳಿ. ಅಸಲು ಪ್ರತಿ ಸಲ 5,000, ಬಡ್ಡಿ ಮಾತ್ರ 600, 550, 500 ಹೀಗೆ. ಕಂತು 5,600, 5,550, 5,500 ಆಗುತ್ತದೆ. ಎಲ್ಲಾ ತಿಂಗಳೂ ಒಂದೇ ಮೊತ್ತ ಕಟ್ಟುವ ಇಎಂಐ ಬೇರೆ ಕ್ರಮ. ಮನೆಯಲ್ಲಿ ಸೊಸೈಟಿ ಸಾಲದ ಪಾಸ್‌ಬುಕ್ ಇದ್ದರೆ ಮಗಳಿಗೆ ತೋರಿಸಿ, ಯಾವ ಕ್ರಮ ಅಂತ ಅವಳೇ ಹೇಳಲಿ.

ಮಗಳ ಲೆಕ್ಕ ಬಿಡಿಸೋಣ. a = 5,000. d = –200. ಆ ಋಣ ಚಿಹ್ನೆಯನ್ನು ಕಂಸದೊಳಗೆ ಇಟ್ಟೇ ಬರೆಯಬೇಕು.

Sₙ = n/2 [2 × 5000 + (n – 1)(–200)]
54000 = n/2 [10200 – 200n]
54000 = 5100n – 100n²
n² – 51n + 540 = 0
(n – 15)(n – 36) = 0

ಋಣ ಚಿಹ್ನೆ ಮರೆತಿದ್ದರೆ n² + 49n – 540 = 0 ಬರುತ್ತಿತ್ತು, ಅದನ್ನು ಅಪವರ್ತಿಸಲು ಹೊರಟವರು ಅರ್ಧ ಗಂಟೆ ಒದ್ದಾಡಿದರೂ ಪೂರ್ಣ ಸಂಖ್ಯೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಸಮೀಕರಣ ಒಡೆಯದೆ ಹಠ ಹಿಡಿದರೆ ಮೊದಲು d ಯ ಚಿಹ್ನೆ ನೋಡುವುದು ವಾಸಿ.

ಈಗ ಎರಡು ಉತ್ತರ ಏಕೆ ಬಂತು? ಕಂತುಗಳನ್ನು ಮುಂದಕ್ಕೆ ಬರೆಯುತ್ತಾ ಹೋಗಿ. 15ನೇ ಕಂತು 2,200. ಅಲ್ಲಿಗೆ 54,000 ತುಂಬಿತು. ಇಲ್ಲಿಗೆ ಜನ ನಿಲ್ಲಿಸುತ್ತಾರೆ, ಆದರೆ ಸೂತ್ರಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಅದು ಮುಂದುವರಿಯುತ್ತದೆ. 16ನೆಯದು 2,000, 17ನೆಯದು 1,800, ಹೀಗೆ ಇಳಿದು 26ನೆಯದು ಸೊನ್ನೆ. 27ನೆಯದು –200, 28ನೆಯದು –400. ಕೊನೆಗೆ 36ನೆಯದು –2,000. ಈಗ 16ರಿಂದ 36ರವರೆಗಿನ ಪದಗಳನ್ನು ಕೂಡಿಸಿ ನೋಡಿ. 2,000 ಮತ್ತು –2,000 ವಜಾ, 1,800 ಮತ್ತು –1,800 ವಜಾ, ನಡುವೆ ಸೊನ್ನೆ. ಈ 21 ಪದಗಳ ಮೊತ್ತ ಸೊನ್ನೆ. 15 ಪದ ಕೂಡಿಸಿದರೂ 54,000, ಇನ್ನೂ 21 ಸೇರಿಸಿ 36 ಪದ ಕೂಡಿಸಿದರೂ 54,000. ಮೊತ್ತ ಮೇಲೆ ಹೋಗಿ, ಮತ್ತೆ ಕೆಳಗೆ ಇಳಿಯುವಾಗ ಅದೇ ಸಂಖ್ಯೆಯನ್ನು ಎರಡನೇ ಸಲ ಮುಟ್ಟಿತು ಅಷ್ಟೇ.

ಸಂಖ್ಯೆಗಳ ಲೆಕ್ಕದಲ್ಲಿ ಎರಡೂ ಸರಿ. ಸಾಲದ ಲೆಕ್ಕದಲ್ಲಿ 36 ಅಂದರೆ 27ನೇ ತಿಂಗಳಿನಿಂದ ಸಾಲ ಕೊಟ್ಟವರೇ ನಮಗೆ ದುಡ್ಡು ವಾಪಸ್ ಕೊಡುತ್ತಾ ಬರಬೇಕು. ಆ ಭಾಗ್ಯ ಯಾರಿಗೂ ಇಲ್ಲ. ಅದಕ್ಕೇ 36 ಬಿಡುವುದು. ಹೀಗಾಗಿ ಪ್ರಶ್ನೆ ಬರೀ "5000, 4800, 4600, … ಈ ಶ್ರೇಢಿಯ ಎಷ್ಟು ಪದಗಳ ಮೊತ್ತ 54,000?" ಅಂತ ಇದ್ದರೆ 15 ಮತ್ತು 36 ಎರಡನ್ನೂ ಬರೆಯಬೇಕು. ಟ್ಯೂಷನ್ನಿನ ಮಾತು ಕೇಳಿ ಒಂದನ್ನು ಅಳಿಸಿದರೆ ಅಂಕ ಹೋಗುತ್ತದೆ. ಪದಗಳು ತಿಂಗಳ ಕಂತು, ಗಿಡ, ಮೆಟ್ಟಿಲು ಇಂಥವಾದರೆ ಮಾತ್ರ ಆಯ್ಕೆಯ ಪ್ರಶ್ನೆ.

ಆ ಆಯ್ಕೆಯಲ್ಲೂ ಚಿಕ್ಕದೇ ಗೆಲ್ಲಬೇಕೆಂದಿಲ್ಲ. ಗೋಕರ್ಣದ ಕಡಲತೀರದಲ್ಲಿ ಒಬ್ಬರು ಚಹಾದಂಗಡಿ ಇಟ್ಟಿದ್ದಾರೆ ಅಂದುಕೊಳ್ಳಿ. ಮಳೆಗಾಲದಲ್ಲಿ ಶುರು ಮಾಡಿದ್ದರಿಂದ ಮೊದಲ ತಿಂಗಳು 4,000 ನಷ್ಟ, ಎರಡನೇ ತಿಂಗಳು 3,000 ನಷ್ಟ, ಹೀಗೆ ತಿಂಗಳಿಗೆ 1,000ದ ಹಾಗೆ ಸುಧಾರಿಸುತ್ತದೆ. ಶ್ರೇಢಿ –4000, –3000, –2000, … ಒಟ್ಟು ನಷ್ಟ ಒಮ್ಮೆ 10,000ಕ್ಕೆ ಏರಿ, ಆಮೇಲೆ ಇಳಿದು ಮತ್ತೆ 9,000ಕ್ಕೆ ಬರುವುದು ಎಷ್ಟನೇ ತಿಂಗಳ ಕೊನೆಗೆ? Sₙ = –9000 ಹಾಕಿದರೆ n² – 9n + 18 = 0. n = 3 ಅಥವಾ 6. ಮೂರನೇ ತಿಂಗಳ ಕೊನೆಗೆ 4,000 + 3,000 + 2,000, ನಷ್ಟ 9,000. ಅದು ಏರುವಾಗಿನ ಲೆಕ್ಕ. ನಾಲ್ಕನೇ ತಿಂಗಳು ಮತ್ತೆ 1,000 ನಷ್ಟ, ಒಟ್ಟು 10,000. ಐದನೇ ತಿಂಗಳು ಸೊನ್ನೆ. ಆರನೇ ತಿಂಗಳು ಮೊದಲ ಸಲ 1,000 ಲಾಭ, ನಷ್ಟ 9,000ಕ್ಕೆ ಇಳಿಯಿತು. ಕೇಳಿದ್ದು ಇಳಿಯುವಾಗಿನದು, ಹಾಗಾಗಿ 6. ಚಿಕ್ಕದನ್ನು ಇಟ್ಟುಕೊಂಡವರ ಉತ್ತರ ಇಲ್ಲಿ ತಪ್ಪು.

ಎರಡೂ ಧನ ಉತ್ತರ ಬರುವುದು ಪದಗಳು ಸೊನ್ನೆಯ ಈಚೆಯಿಂದ ಆಚೆಗೆ ದಾಟುವ ಶ್ರೇಢಿಯಲ್ಲಿ. ಮೊದಲ ಪದವೂ d ಯೂ ಧನ ಆಗಿದ್ದರೆ, ಗೊಬ್ಬರದ ಲೆಕ್ಕದ ಹಾಗೆ, ಮೊತ್ತ ಏರುತ್ತಲೇ ಹೋಗುತ್ತದೆ, ಒಂದು ಸಂಖ್ಯೆಯನ್ನು ಎರಡು ಸಲ ಮುಟ್ಟಲು ಅದಕ್ಕೆ ಸಾಧ್ಯವೇ ಇಲ್ಲ. ಆಗ ಸಮೀಕರಣದ ಇನ್ನೊಂದು ಮೂಲ ಋಣ ಸಂಖ್ಯೆಯಾಗಿ ಬರುತ್ತದೆ. ಋಣ ಪದಸಂಖ್ಯೆ ಇಲ್ಲ, ಬಿಟ್ಟುಬಿಡಬಹುದು. ಅದು ಬಿಟ್ಟು ಎರಡೂ ಧನ ಬಂತು, ಆದರೆ ಶ್ರೇಢಿ ಎಲ್ಲೂ ಸೊನ್ನೆ ದಾಟುವುದಿಲ್ಲ ಅಂದರೆ ಲೆಕ್ಕದಲ್ಲಿ ಎಲ್ಲೋ ಚಿಹ್ನೆ ತಪ್ಪಿದೆ ಅಂತಲೇ ಅರ್ಥ.

ಮೊತ್ತ ಕೊಟ್ಟು n ಹುಡುಕುವ ಈ ಕೆಲಸ ಬಹಳ ಹಳೆಯದು. ಆರ್ಯಭಟ ಕ್ರಿ.ಶ. 499ರ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ ಇದಕ್ಕೆ ನೇರ ನಿಯಮ ಕೊಟ್ಟಿದ್ದಾನೆ. ಮೊತ್ತವನ್ನು d ಯಿಂದಲೂ 8ರಿಂದಲೂ ಗುಣಿಸಿ, ಅದಕ್ಕೆ 2a – d ಯ ವರ್ಗ ಕೂಡಿಸಿ, ವರ್ಗಮೂಲ ತೆಗೆದು, 2a ಕಳೆದು, d ಯಿಂದ ಭಾಗಿಸಿ, ಒಂದು ಸೇರಿಸಿ, ಅರ್ಧ ಮಾಡು ಅಂತ. ನಮ್ಮ ಕಂತಿನ ಸಂಖ್ಯೆಗಳನ್ನು ಹಾಕಿದರೆ ವರ್ಗಮೂಲ 4,200 ಬರುತ್ತದೆ. 10,000 ಕಳೆದರೆ –5,800. –200ರಿಂದ ಭಾಗಿಸಿದರೆ 29. ಒಂದು ಸೇರಿಸಿ ಅರ್ಧ ಮಾಡಿದರೆ 15. ವರ್ಗಮೂಲವನ್ನು –4,200 ಅಂತ ತೆಗೆದುಕೊಂಡರೆ 36. ಮಗಳಿಗೆ ಪರೀಕ್ಷೆಯಲ್ಲಿ ಇದು ಬೇಕಿಲ್ಲ, ಮನೆಯಲ್ಲಿ ತಾಳೆ ನೋಡಲು ಚೆನ್ನಾಗಿದೆ.

ಇದೇ ಸಾಲದ ಮೊತ್ತವನ್ನು ಸ್ವಲ್ಪ ಬದಲಿಸಿದರೆ ಇನ್ನೆರಡು ಸಂಗತಿ ಗೊತ್ತಾಗುತ್ತದೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ನೋಡಲೇಬೇಕಾದದ್ದು ಇದು. ಸಾಲ 54,000 ಬದಲು 50,000 ಇದ್ದರೆ? n² – 51n + 500 = 0. ಇದು ಪೂರ್ಣ ಸಂಖ್ಯೆಯಲ್ಲಿ ಒಡೆಯುವುದಿಲ್ಲ, ಚಿಕ್ಕ ಮೂಲ 13.24ರ ಹತ್ತಿರ ಬರುತ್ತದೆ. ಸಾಲ ತೀರುವುದಿಲ್ಲ ಅಂತ ಅಲ್ಲ. 13 ಕಂತು ಕಟ್ಟಿದಾಗ 49,400 ಆಗಿರುತ್ತದೆ, 600 ಬಾಕಿ. 14ನೇ ಕಂತು ಪೂರ್ತಿ 2,400 ಕಟ್ಟಬೇಕಿಲ್ಲ, 600 ಕಟ್ಟಿದರೆ ಮುಗಿಯಿತು. ಅಂದರೆ 14 ತಿಂಗಳು, ಆದರೆ ಕೊನೆಯ ಕಂತು ಶ್ರೇಢಿಯ ಪದ ಅಲ್ಲ. ಇನ್ನು ಸಾಲ 70,000 ಇದ್ದರೆ n² – 51n + 700 = 0. ಶೋಧಕ 2601 – 2800, ಅಂದರೆ –199. ಮೂಲವೇ ಇಲ್ಲ. ಮಕ್ಕಳು ಇಲ್ಲಿ "ಲೆಕ್ಕ ತಪ್ಪು" ಅಂತ ಬರೆದು ಬಿಡುತ್ತಾರೆ. ಲೆಕ್ಕ ತಪ್ಪಲ್ಲ, ಅದು ಒಂದು ಸತ್ಯ ಹೇಳುತ್ತಿದೆ. ಕಂತು ಇಳಿದು ಇಳಿದು ಸೊನ್ನೆ ಆಗುವ ಹೊತ್ತಿಗೆ ಕಟ್ಟಿದ ಒಟ್ಟು ಹಣ 65,000 ಮಾತ್ರ. ಈ ಕ್ರಮದಲ್ಲಿ ಕಟ್ಟಿದರೆ 70,000ದ ಸಾಲ ಎಂದೂ ತೀರುವುದಿಲ್ಲ.

ಅಪ್ಪನ ದಾರಿಯ ವಿಷಯ. ಒಂದೊಂದಾಗಿ ಬರೆಯುವುದನ್ನು ಹಗುರ ಮಾಡಬೇಡಿ. ಮೊದಲ ಮೂರು ಪದ ಬರೆಯದೆ ಸೂತ್ರಕ್ಕೆ ಕೈ ಹಾಕುವ ಹುಡುಗರೇ d ತಪ್ಪುವುದು. ಕಂತು ಸೊನ್ನೆ ದಾಟುತ್ತದೆ ಅನ್ನುವುದೂ ಬರೆದವರಿಗೆ ಮಾತ್ರ ಕಣ್ಣಿಗೆ ಬೀಳುತ್ತದೆ. ಆದರೆ ಪೂರ್ತಿ ಬರೆದೇ ಕೂಡಿಸುತ್ತೇನೆ ಅಂದರೆ ಅಪಾಯ ಇದೆ. 15 ಕಂತಿಗೆ ನಡೆಯುತ್ತದೆ, 28 ಸಂಖ್ಯೆಗೆ ಕಷ್ಟ, ನೂರು ಪದ ಆದರೆ ಒಂದು ಕಡೆ ಕೂಡುವುದು ತಪ್ಪಿದರೂ ಕೊನೆಯವರೆಗೆ ಗೊತ್ತಾಗುವುದಿಲ್ಲ. ಇನ್ನೊಂದು, ಹೀಗೆ ಬರೆದವರು 54,000 ಮುಟ್ಟಿದ ಕೂಡಲೇ 15ಕ್ಕೆ ನಿಲ್ಲಿಸುತ್ತಾರೆ. ಬರೀ ಸಂಖ್ಯೆಗಳ ಪ್ರಶ್ನೆಯಲ್ಲಿ 36 ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬರೀ ಸೂತ್ರದ ದಾರಿಗೆ ಇದರ ಉಲ್ಟಾ ಅಪಾಯ: ಎರಡೂ ಸಿಗುತ್ತವೆ, ಯಾವುದು ಬೇಕು ಅಂತ ಸೂತ್ರ ಹೇಳುವುದಿಲ್ಲ. ನಾನು ಮಕ್ಕಳಿಗೆ ಮೂರು ಪದ ಬರೆಸುತ್ತೇನೆ, ಸೂತ್ರ ಹಾಕಿಸುತ್ತೇನೆ, ಉತ್ತರ ಬಂದ ಮೇಲೆ ಆ n ಗೆ ಕೊನೆಯ ಪದ ಎಷ್ಟು ಅಂತ ಕಂಡುಹಿಡಿಸುತ್ತೇನೆ. n = 15 ಆದರೆ ಕೊನೆಯ ಕಂತು 5,000 – 14 × 200 = 2,200. n = 36 ಆದರೆ 5,000 – 35 × 200 = –2,000. ಕೊನೆಯ ಪದ ನೋಡಿದ ಕೂಡಲೇ ಯಾವುದನ್ನು ಬಿಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ ತಾಳೆಯೂ ಆಗುತ್ತದೆ: 5,000 ಮತ್ತು 2,200ರ ಸರಾಸರಿ 3,600, ಅದನ್ನು 15ರಿಂದ ಗುಣಿಸಿದರೆ 54,000.

ಉತ್ತರಪತ್ರಿಕೆಯಲ್ಲಿ ಅವಳು ಸೂತ್ರ, ಆದೇಶಿಸಿದ ಸಾಲು, ವರ್ಗ ಸಮೀಕರಣ, ಎರಡೂ ಮೂಲ, ಇಷ್ಟನ್ನೂ ಬರೆಯಲಿ. ಹಂತಕ್ಕೆ ಅಂಕ ಇರುತ್ತದೆ. ಆಮೇಲೆ ಒಂದು ಸಾಲು: "n = 36 ಆದಾಗ 36ನೇ ಕಂತು –2,000 ಆಗುತ್ತದೆ, ಕಂತು ಋಣವಾಗಿರಲು ಸಾಧ್ಯವಿಲ್ಲ, ಆದ್ದರಿಂದ n = 15; ಸಾಲ ತೀರಲು 15 ತಿಂಗಳು ಬೇಕು." 36 ಅನ್ನು ಸುಮ್ನೆ ಗೀಟು ಹಾಕಿ ಹೊಡೆದು ಹಾಕಬಾರದು. ತಿದ್ದುವವರಿಗೆ ಅವಳು ಕಾರಣ ಗೊತ್ತಿದ್ದು ಬಿಟ್ಟಳೋ, ಯಾರೋ ಹೇಳಿದರು ಅಂತ ಬಿಟ್ಟಳೋ ತಿಳಿಯುವುದು ಆ ಒಂದು ಸಾಲಿನಿಂದಲೇ.